ದ್ಯುತಿಸಂಶ್ಲೇಷಣೆ ಮತ್ತು ಉಸಿರಾಟ: ಕೋಷ್ಟಕದ ಮೂರು ಕೆಂಪು ಗೆರೆಗಳು

"ಸರ್, ನಾನು ಹತ್ತನೇ ತರಗತಿ. ದ್ಯುತಿಸಂಶ್ಲೇಷಣೆಗೂ ಉಸಿರಾಟಕ್ಕೂ ಇರುವ ವ್ಯತ್ಯಾಸವನ್ನು ಕೋಷ್ಟಕದಲ್ಲಿ ಬರೆದು, ಅಂದವಾದ ಚಿತ್ರ ಬಿಡಿಸಿಕೊಂಡು ಬರಲು ಹೇಳಿದ್ದಾರೆ. ನಾನು ಬರೆದ ಮೂರು ಸಾಲಿಗೆ ಮಿಸ್ ಕೆಂಪು ಗೆರೆ ಹಾಕಿದ್ದಾರೆ: 'ಹಗಲಿನಲ್ಲಿ / ರಾತ್ರಿಯಲ್ಲಿ', 'ಸಸ್ಯಗಳಲ್ಲಿ / ಪ್ರಾಣಿಗಳಲ್ಲಿ', 'ಎಲೆಯಲ್ಲಿ / ಶ್ವಾಸಕೋಶದಲ್ಲಿ'. ಇವು ಯಾಕೆ ತಪ್ಪು? ಸರಿಯಾಗಿ ಹೇಗೆ ಬರೆಯಬೇಕು? ಚಿತ್ರ ಎಲೆಯದ್ದು ಬಿಡಿಸಲಾ, ಶ್ವಾಸಕೋಶದ್ದು ಬಿಡಿಸಲಾ?"

ಮೂರು ತಪ್ಪಿಗೂ ಬೇರು ಒಂದೇ. ಈ ಎರಡು ಕ್ರಿಯೆಗಳು ಪೂರ್ತಿ ವಿರುದ್ಧ ಎಂದು ನೀನು ಮೊದಲೇ ತೀರ್ಮಾನ ಮಾಡಿಕೊಂಡಿದ್ದೀಯ. ಆಮೇಲೆ ಎಡಗಡೆ ಏನು ಬರೆದೆಯೋ ಅದಕ್ಕೆ ವಿರುದ್ಧ ಪದವನ್ನು ಬಲಗಡೆ ಹುಡುಕಿದ್ದೀಯ. ಹಗಲಿಗೆ ರಾತ್ರಿ ಸಿಕ್ಕಿತು, ಸಸ್ಯಕ್ಕೆ ಪ್ರಾಣಿ ಸಿಕ್ಕಿತು. ಇವು ಬಾಯಿಪಾಠಕ್ಕೆ ಸುಲಭ. ಆದರೆ ಗಿಡದಲ್ಲಿ ನಡೆಯುವುದೇ ಬೇರೆ. ಒಂದೊಂದಾಗಿ ನೋಡೋಣ, ಕೋಷ್ಟಕ ಆಮೇಲೆ ತಾನಾಗಿಯೇ ಬರುತ್ತದೆ.

ಮೊದಲು 'ಎಲೆಯಲ್ಲಿ / ಶ್ವಾಸಕೋಶದಲ್ಲಿ'. ಇದು ಬೇಗ ಮುಗಿಯುವ ವಿಷಯ. ಶ್ವಾಸಕೋಶದ ಕೆಲಸ ಗಾಳಿಯಲ್ಲಿರುವ ಆಕ್ಸಿಜನ್ನನ್ನು ರಕ್ತಕ್ಕೆ ಸೇರಿಸುವುದು, ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಕಳಿಸುವುದು. ಈ ಪಾಠದಲ್ಲಿ ನಾವು ಹೋಲಿಸುತ್ತಿರುವ ಕ್ರಿಯೆ ಅದಲ್ಲ. ಗ್ಲೂಕೋಸನ್ನು ಒಡೆದು ಶಕ್ತಿ ತೆಗೆಯುವುದು ಜೀವಕೋಶದ ಒಳಗೆ ನಡೆಯುತ್ತದೆ. ನಿನ್ನ ಕಾಲಿನ ಸ್ನಾಯುವಿನಲ್ಲೂ ನಡೆಯುತ್ತದೆ, ಮಿದುಳಿನಲ್ಲೂ ನಡೆಯುತ್ತದೆ. ಎರೆಹುಳುವಿಗೆ ಶ್ವಾಸಕೋಶವೇ ಇಲ್ಲ, ಅದರ ಜೀವಕೋಶಗಳೂ ಉಸಿರಾಡುತ್ತವೆ. ಹಾಗಾಗಿ ಎಡಗಡೆ ಅಂಗದ ಹೆಸರು ಬೇಡ, ಬಲಗಡೆಯೂ ಬೇಡ. ಎರಡೂ ಕಡೆ ಜೀವಕೋಶದ ಭಾಗದ ಹೆಸರು ಬರಬೇಕು. ಎಡಕ್ಕೆ ಕ್ಲೋರೋಪ್ಲಾಸ್ಟ್. ಬಲಕ್ಕೆ ಮೊದಲು ಕೋಶದ್ರವ್ಯ, ಆಮೇಲೆ ಮೈಟೋಕಾಂಡ್ರಿಯ. ಬಲಗಡೆ ಎರಡು ಹೆಸರು ಯಾಕೆ ಎಂಬುದು ಚಿತ್ರ ಬಿಡಿಸುವಾಗ ಗೊತ್ತಾಗುತ್ತದೆ.

ಎರಡನೆಯದು 'ಸಸ್ಯಗಳಲ್ಲಿ / ಪ್ರಾಣಿಗಳಲ್ಲಿ'. ಎಡಗಡೆ ಬರೆದದ್ದು ಬಹುಮಟ್ಟಿಗೆ ಸರಿ, ಆದರೆ ಸಾಲದು. ಗಿಡದ ಎಲ್ಲ ಜೀವಕೋಶಗಳೂ ದ್ಯುತಿಸಂಶ್ಲೇಷಣೆ ಮಾಡುವುದಿಲ್ಲ. ಮಣ್ಣಿನೊಳಗಿರುವ ಬೇರಿನಲ್ಲಿ ಪತ್ರಹರಿತ್ತು ಇಲ್ಲ, ಬೆಳಕೂ ಇಲ್ಲ. ಬಲಗಡೆ ಬರೆದದ್ದಂತೂ ತಪ್ಪೇ. ಗಿಡಗಳೂ ಉಸಿರಾಡುತ್ತವೆ. ಇದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ ಸಿಗುತ್ತದೆ. ಒಂದೆರಡು ಲೋಟ ಹೆಸರುಕಾಳನ್ನು ನೆನೆಸಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡು. ಮೊಳಕೆ ಚೆನ್ನಾಗಿ ಬಂದ ಮೇಲೆ ಗಂಟು ಬಿಚ್ಚಿ ನಡುವೆ ಬೆರಳು ಹಾಕಿ ನೋಡು. ಒಳಗೆ ಬೆಚ್ಚಗಿರುತ್ತದೆ. ಎಲೆ ಇನ್ನೂ ಬಂದಿಲ್ಲ, ಬಿಸಿಲು ಬಿದ್ದಿಲ್ಲ, ಒಲೆಯ ಹತ್ತಿರವೂ ಇಟ್ಟಿಲ್ಲ. ಹಾಗಾದರೆ ಆ ಬಿಸಿ ಎಲ್ಲಿಂದ ಬಂತು? ಕಾಳಿನೊಳಗೆ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ, ಆ ಸಕ್ಕರೆ ಉಸಿರಾಟದಲ್ಲಿ ಒಡೆದು ಬಂದ ಶಕ್ತಿ ಅದು. ಅದರಲ್ಲಿ ಒಂದು ಭಾಗ ಎಟಿಪಿ ಎಂಬ ಅಣುವಿನಲ್ಲಿ ಸೇರಿ ಮೊಳಕೆಯ ಬೆಳವಣಿಗೆಗೆ ಸಿಗುತ್ತದೆ. ಉಳಿದದ್ದು ಶಾಖವಾಗಿ ಹೊರಬರುತ್ತದೆ.

ಅದೇ ಮೊಳಕೆ ಕಾಳನ್ನು ಒಂದು ಗಾಜಿನ ಬಾಟಲಿಗೆ ಹಾಕಿ, ಪಕ್ಕದಲ್ಲಿ ಒಂದು ಚಿಕ್ಕ ಬಟ್ಟಲಿನಲ್ಲಿ ಸುಣ್ಣದ ತಿಳಿನೀರು ಇಟ್ಟು, ಬಿಗಿಯಾಗಿ ಮುಚ್ಚಿಡು. ಕೆಲವು ಗಂಟೆಗಳಲ್ಲಿ ತಿಳಿನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕಾರ್ಬನ್ ಡೈಆಕ್ಸೈಡ್ ಬಂದಿದೆ ಎಂದರ್ಥ. ಇಲ್ಲಿ ಒಂದು ಎಚ್ಚರ ಬೇಕು. ಬಾಟಲಿಯೊಳಗಿನ ಗಾಳಿಯಲ್ಲಿ ಮೊದಲೇ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅದರಿಂದಲೇ ಬಿಳಿಯಾಯಿತೇನೋ ಎಂದು ಯಾರಾದರೂ ಕೇಳಬಹುದು, ಅಲ್ವಾ? ಅದಕ್ಕೇ ಇನ್ನೊಂದು ಬಾಟಲಿಯಲ್ಲಿ ಬೇಯಿಸಿ ಆರಿಸಿದ ಕಾಳು ಇಟ್ಟು ಹೋಲಿಸಬೇಕು. ಬೇಯಿಸಿದ ಕಾಳು ಸತ್ತಿದೆ, ಅದು ಉಸಿರಾಡುವುದಿಲ್ಲ. ಎರಡನ್ನೂ ಅದೇ ದಿನ ನೋಡಿ ಮುಗಿಸು. ಜಾಸ್ತಿ ದಿನ ಬಿಟ್ಟರೆ ಬೇಯಿಸಿದ ಕಾಳು ಹಳಸುತ್ತದೆ, ಹಳಸಿಸುವ ಬ್ಯಾಕ್ಟೀರಿಯಗಳೂ ಉಸಿರಾಡುತ್ತವೆ, ಆ ತಿಳಿನೀರೂ ಬೆಳ್ಳಗಾಗಿಬಿಡುತ್ತದೆ.

ಬೇರಿನ ವಿಷಯಕ್ಕೆ ಬರೋಣ. ಕುಂಡದಲ್ಲಿ ನೀರು ನಿಂತರೆ ಗಿಡ ಬಾಡುವುದನ್ನು ನೋಡಿರುತ್ತೀಯ. ನೀರು ಬೇಕಾದಷ್ಟಿದೆ, ಆದರೂ ಬಾಡುತ್ತದೆ. ಮಣ್ಣಿನ ಕಣಗಳ ನಡುವೆ ಇದ್ದ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಂಡಿದೆ. ಬೇರಿಗೆ ಆಕ್ಸಿಜನ್ ಸಿಗುತ್ತಿಲ್ಲ. ಉಸಿರಾಟ ಕುಂಠಿತವಾಗಿ ಬೇರು ಕೆಲಸ ನಿಲ್ಲಿಸುತ್ತದೆ. ಭತ್ತದ ಗದ್ದೆಯಲ್ಲಿ ನೀರು ನಿಂತರೂ ಪೈರು ಚೆನ್ನಾಗಿರುತ್ತದೆ, ಯಾಕೆಂದರೆ ಭತ್ತದ ಕಾಂಡ ಮತ್ತು ಬೇರಿನಲ್ಲಿ ಗಾಳಿ ಹರಿಯುವ ಟೊಳ್ಳು ದಾರಿಗಳಿವೆ. ಮೇಲಿನಿಂದ ಆಕ್ಸಿಜನ್ ಅದರ ಮೂಲಕ ಬೇರಿಗೆ ಇಳಿಯುತ್ತದೆ.

ಈಗ 'ಹಗಲಿನಲ್ಲಿ / ರಾತ್ರಿಯಲ್ಲಿ'. ನೋಟ್ಸುಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ, ಹಾಗಾಗಿ ಇದಕ್ಕೆ ಸ್ವಲ್ಪ ಹೊತ್ತು ಕೊಡೋಣ. ಈ ತಪ್ಪು ಸುಮ್ನೆ ಹುಟ್ಟಿದ್ದಲ್ಲ. ಹಗಲು ಗಿಡವನ್ನು ಹೊರಗಿನಿಂದ ನೋಡಿದರೆ ಅದು ಆಕ್ಸಿಜನ್ ಬಿಡುತ್ತದೆ, ರಾತ್ರಿ ನೋಡಿದರೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಇದು ನಿಜ. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ಡಚ್ ವೈದ್ಯರು ಇದನ್ನೇ ತೋರಿಸಿದರು. ಬೆಳಕಿನಲ್ಲಿ ಗಿಡದ ಹಸಿರು ಭಾಗಗಳು ಗಾಳಿಯನ್ನು ಶುದ್ಧ ಮಾಡುತ್ತವೆ, ಕತ್ತಲೆಯಲ್ಲಿ ಗಿಡ ಗಾಳಿಯನ್ನು ಕೆಡಿಸುತ್ತದೆ ಎಂದು ಅವರು ಕಂಡುಕೊಂಡರು. ಆದರೆ ಹೊರಗೆ ಕಾಣುವ ಗಾಳಿಯ ಲೆಕ್ಕ ಬೇರೆ, ಒಳಗೆ ನಡೆಯುವ ಕೆಲಸ ಬೇರೆ. ಒಂದು ಲೆಕ್ಕ ಮಾಡಿದರೆ ಇದು ಬಿಡಿಸಿಕೊಳ್ಳುತ್ತದೆ.

ಒಂದು ಗಿಡವನ್ನು ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದೇವೆ ಎಂದುಕೊ. ಸಂಖ್ಯೆಗಳು ಬರೀ ಲೆಕ್ಕಕ್ಕಾಗಿ. ಬೆಳಕು ಇರುವಾಗ ಆ ಗಿಡ ಗಂಟೆಗೆ 10 ಮಿಲಿಲೀಟರ್ ಆಕ್ಸಿಜನ್ ತಯಾರಿಸುತ್ತದೆ. ಉಸಿರಾಟಕ್ಕೆ ಗಂಟೆಗೆ 2 ಮಿಲಿಲೀಟರ್ ಬಳಸುತ್ತದೆ. ಈ 2 ಮಿಲಿಲೀಟರ್ ಹೊರಗಿನಿಂದ ಬರಬೇಕಿಲ್ಲ, ತಾನೇ ತಯಾರಿಸಿದ 10ರಲ್ಲೇ ತೆಗೆದುಕೊಳ್ಳುತ್ತದೆ. ಪೆಟ್ಟಿಗೆಗೆ ಬರುವುದು 8 ಮಾತ್ರ. ನಮ್ಮ ಅಳತೆಯ ಉಪಕರಣ 8 ಎಂದು ತೋರಿಸುತ್ತದೆ, ಉಸಿರಾಟದ ಸುಳಿವೇ ಸಿಗುವುದಿಲ್ಲ. ರಾತ್ರಿ ದ್ಯುತಿಸಂಶ್ಲೇಷಣೆ ನಿಂತಿತು, ಉಸಿರಾಟ ಅದೇ ವೇಗದಲ್ಲಿ ಮುಂದುವರಿಯಿತು ಎಂದಿಟ್ಟುಕೊ. ಈಗ ಪೆಟ್ಟಿಗೆಯ ಗಾಳಿಯಿಂದ ಗಂಟೆಗೆ 2 ಮಿಲಿಲೀಟರ್ ಆಕ್ಸಿಜನ್ ಕಡಿಮೆಯಾಗುತ್ತದೆ. ಆಗ ಮಾತ್ರ ಉಸಿರಾಟ ನಮ್ಮ ಕಣ್ಣಿಗೆ ಬೀಳುತ್ತದೆ. ರಾತ್ರಿ ಹೊಸದಾಗಿ ಶುರುವಾಗಿದ್ದಲ್ಲ, ಹಗಲು ಮರೆಯಾಗಿತ್ತು, ಅಷ್ಟೆ.

ಹನ್ನೆರಡು ಗಂಟೆ ಹಗಲು, ಹನ್ನೆರಡು ಗಂಟೆ ರಾತ್ರಿ ಎಂದು ತೆಗೆದುಕೊಂಡರೆ ಹಗಲು ಹೊರಬಂದದ್ದು 96 ಮಿಲಿಲೀಟರ್, ರಾತ್ರಿ ಒಳಗೆ ಹೋದದ್ದು 24. ಇಡೀ ದಿನದಲ್ಲಿ 72 ಮಿಲಿಲೀಟರ್ ಉಳಿಯಿತು. ಆಕ್ಸಿಜನ್ ಉಳಿಯಿತು ಎಂದರೆ ಅದಕ್ಕೆ ಸಮನಾದ ಸಕ್ಕರೆಯೂ ಗಿಡದಲ್ಲಿ ಉಳಿಯಿತು. ಗಿಡ ಬೆಳೆಯುವುದು ಈ ಉಳಿಕೆಯಿಂದಲೇ. ಮುಂಜಾನೆ ಮತ್ತು ಸಂಜೆ ಬೆಳಕು ಮಂದವಾಗಿರುವಾಗ ಇನ್ನೊಂದು ಘಟ್ಟ ಬರುತ್ತದೆ. ಗಿಡ 2 ಮಿಲಿಲೀಟರ್ ತಯಾರಿಸಿ ಅದೇ 2 ಮಿಲಿಲೀಟರನ್ನು ಬಳಸುವ ಹೊತ್ತು. ಆಗ ಹೊರಗಿನಿಂದ ನೋಡಿದರೆ ಗಿಡ ಏನೂ ಮಾಡುತ್ತಿಲ್ಲವೇನೋ ಅನ್ನಿಸುತ್ತದೆ. ಒಳಗೆ ಎರಡೂ ಕ್ರಿಯೆಗಳು ನಡೆಯುತ್ತಲೇ ಇರುತ್ತವೆ.

ನಿನ್ನ ಪಠ್ಯದ ಪಿಷ್ಟದ ಪ್ರಯೋಗದಲ್ಲೂ ಇದು ಅಡಗಿದೆ. ಗಿಡವನ್ನು ಮೂರು ದಿನ ಕತ್ತಲ ಕೋಣೆಯಲ್ಲಿಟ್ಟು, ಆಮೇಲೆ ಸುಮಾರು ಆರು ಗಂಟೆ ಬಿಸಿಲಿಗೆ ಇಡುತ್ತೇವೆ. ಎಲೆಯನ್ನು ಆಲ್ಕೋಹಾಲಿನಲ್ಲಿ ಹಾಕಿ ಬಣ್ಣ ತೆಗೆದು, ಅಯೋಡಿನ್ ಹಾಕುತ್ತೇವೆ. ಮೂರು ದಿನ ಕತ್ತಲು ಯಾಕೆ ಎಂದು ಕೇಳಿದರೆ ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖಾಲಿಯಾಗಲಿ ಎಂದು ಎಲ್ಲರೂ ಹೇಳುತ್ತಾರೆ. ಅದು ಖಾಲಿಯಾಗುವುದು ಹೇಗೆ? ಪಿಷ್ಟ ಸಕ್ಕರೆಯಾಗಿ, ಗಿಡದ ಬೇರೆ ಭಾಗಗಳಿಗೂ ಹರಿದು, ಉಸಿರಾಟಕ್ಕೂ ಬೆಳವಣಿಗೆಗೂ ಖರ್ಚಾಗುತ್ತದೆ. ದ್ಯುತಿಸಂಶ್ಲೇಷಣೆಯ ಪ್ರಯೋಗ ಎಂದು ನಾವು ಕರೆಯುವ ಅದರ ಮೊದಲ ಮೂರು ದಿನ ಉಸಿರಾಟದ ಪಾಲಿಗೆ ಸೇರಿದ್ದು.

ಈಗ ಕೋಷ್ಟಕ. ಮೊದಲ ಕಂಬಸಾಲಿನಲ್ಲಿ ಹೋಲಿಕೆಯ ಅಂಶವನ್ನು ಬರೆ. ನಿನ್ನ ಕೋಷ್ಟಕದಲ್ಲಿ ಅದು ಇರಲಿಲ್ಲ ಎಂದು ಕಾಣುತ್ತದೆ. ಅಂಶ ಬರೆದುಕೊಂಡರೆ ಎರಡೂ ಕಡೆ ಒಂದೇ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ, ವಿರುದ್ಧ ಪದ ಹುಡುಕುವ ಅಭ್ಯಾಸ ತಪ್ಪುತ್ತದೆ.

| ಹೋಲಿಕೆಯ ಅಂಶ | ದ್ಯುತಿಸಂಶ್ಲೇಷಣೆ | ಆಕ್ಸಿಜನ್ ಸಹಿತ ಉಸಿರಾಟ |
|---|---|---|
| ಯಾವ ಜೀವಕೋಶಗಳಲ್ಲಿ | ಪತ್ರಹರಿತ್ತು ಇರುವ ಜೀವಕೋಶಗಳಲ್ಲಿ ಮಾತ್ರ | ಸಸ್ಯ, ಪ್ರಾಣಿ ಎರಡರ ಜೀವಕೋಶಗಳಲ್ಲೂ |
| ಜೀವಕೋಶದ ಯಾವ ಭಾಗದಲ್ಲಿ | ಕ್ಲೋರೋಪ್ಲಾಸ್ಟ್ | ಕೋಶದ್ರವ್ಯದಲ್ಲಿ ಶುರು, ಮೈಟೋಕಾಂಡ್ರಿಯದಲ್ಲಿ ಪೂರ್ಣ |
| ಯಾವಾಗ | ಬೆಳಕು ಇರುವಾಗ | ಹಗಲು ರಾತ್ರಿ, ಬಿಡುವಿಲ್ಲದೆ |
| ಬಳಕೆಯಾಗುವುದು | ಕಾರ್ಬನ್ ಡೈಆಕ್ಸೈಡ್, ನೀರು | ಗ್ಲೂಕೋಸ್, ಆಕ್ಸಿಜನ್ |
| ಉಂಟಾಗುವುದು | ಗ್ಲೂಕೋಸ್, ಆಕ್ಸಿಜನ್ | ಕಾರ್ಬನ್ ಡೈಆಕ್ಸೈಡ್, ನೀರು |
| ಶಕ್ತಿ | ಬೆಳಕಿನ ಶಕ್ತಿ ರಾಸಾಯನಿಕ ಶಕ್ತಿಯಾಗಿ ಗ್ಲೂಕೋಸಿನಲ್ಲಿ ಸೇರುತ್ತದೆ | ಗ್ಲೂಕೋಸಿನ ಶಕ್ತಿ ಬಿಡುಗಡೆಯಾಗಿ ಒಂದು ಭಾಗ ಎಟಿಪಿಗೆ, ಉಳಿದದ್ದು ಶಾಖಕ್ಕೆ |
| ಗಿಡದ ಒಣತೂಕ | ಹೆಚ್ಚುತ್ತದೆ | ಕಡಿಮೆಯಾಗುತ್ತದೆ |

ಬಲಗಡೆಯ ತಲೆಬರಹ ಬರೀ 'ಉಸಿರಾಟ' ಎಂದಲ್ಲ, 'ಆಕ್ಸಿಜನ್ ಸಹಿತ ಉಸಿರಾಟ' ಎಂದು ಬರೆ. ಆಕ್ಸಿಜನ್ ಇಲ್ಲದಾಗ ಯೀಸ್ಟ್ ಗ್ಲೂಕೋಸನ್ನು ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಅದೂ ಉಸಿರಾಟವೇ, ಆದರೆ ಅಲ್ಲಿ ಆಕ್ಸಿಜನ್ ಬಳಕೆಯಾಗುವುದಿಲ್ಲ. ತಲೆಬರಹ ಬಿಗಿಯಾಗಿದ್ದರೆ ಕೋಷ್ಟಕದ ಕೆಳಗಿನ ಸಾಲುಗಳೆಲ್ಲ ನಿಜವಾಗಿರುತ್ತವೆ.

ಸಮೀಕರಣಗಳನ್ನು ಕೋಷ್ಟಕದೊಳಗೆ ತುರುಕಬೇಡ, ಜಾಗ ಸಾಲುವುದಿಲ್ಲ. ಕೆಳಗೆ ಬೇರೆಯಾಗಿ ಬರೆ.

```
6CO2 + 12H2O → C6H12O6 + 6O2 + 6H2O
C6H12O6 + 6O2 → 6CO2 + 6H2O + ಶಕ್ತಿ
```

ಮೊದಲನೆಯದರ ಬಾಣದ ಮೇಲೆ 'ಸೂರ್ಯನ ಬೆಳಕು', ಕೆಳಗೆ 'ಪತ್ರಹರಿತ್ತು' ಎಂದು ಬರೆಯುವುದನ್ನು ಮರೆಯಬೇಡ. ಬೆಳಕು ಬಾಣದ ಮೇಲೆ ಬರುತ್ತದೆ, ಎಡಗಡೆಯ ಪದಾರ್ಥಗಳ ಜೊತೆ ಅಲ್ಲ.

ಎರಡೂ ಕಡೆ ನೀರು ಇದೆಯಲ್ಲ, 12ರಲ್ಲಿ 6 ಕಳೆದು 6 ಎಂದು ಬರೆಯಬಾರದೇ ಎಂದು ನಿನಗೆ ಅನ್ನಿಸಬಹುದು. ಪರಮಾಣುಗಳ ಲೆಕ್ಕಕ್ಕೆ ಅದೂ ಸರಿಯಾಗುತ್ತದೆ. ಆದರೂ 12 ಬರೆಯುವುದಕ್ಕೆ ಕಾರಣ ಇದೆ. ಹೊರಬರುವ 6O2ನಲ್ಲಿ ಆಕ್ಸಿಜನ್ ಪರಮಾಣುಗಳು 12. ಅವೆಲ್ಲ ಬರುವುದು ನೀರಿನಿಂದ, ಕಾರ್ಬನ್ ಡೈಆಕ್ಸೈಡಿನಿಂದ ಅಲ್ಲ. ಒಂದು ನೀರಿನ ಅಣುವಿನಲ್ಲಿ ಆಕ್ಸಿಜನ್ ಒಂದೇ, ಹಾಗಾಗಿ 12 ಅಣು ನೀರು ಬೇಕೇ ಬೇಕು. 1941ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ತೂಕ ಹೆಚ್ಚಿರುವ ಆಕ್ಸಿಜನ್-18 ಇದ್ದ ನೀರನ್ನು ಕ್ಲೋರೆಲ್ಲ ಎಂಬ ಪಾಚಿಗೆ ಕೊಟ್ಟರು. ಹೊರಬಂದ ಆಕ್ಸಿಜನ್ನಿನಲ್ಲಿ ಆ ತೂಕದ ಪರಮಾಣು ಕಾಣಿಸಿಕೊಂಡಿತು. ಕಾರ್ಬನ್ ಡೈಆಕ್ಸೈಡಿನ ಕಡೆಯಿಂದ ಕೊಟ್ಟಾಗ ಹಾಗೆ ಬರಲಿಲ್ಲ.

ಉಸಿರಾಟದ ಕಡೆಯೂ ಇಂಥದ್ದೇ ಸಂಗತಿ ಇದೆ. ಒಳಗೆ ಹೋದ ಆಕ್ಸಿಜನ್ ಕಾರ್ಬನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ ಎಂದು ಸಮೀಕರಣ ನೋಡಿದವರಿಗೆ ಅನ್ನಿಸುತ್ತದೆ. ಆದರೆ ಆ ಆಕ್ಸಿಜನ್ ಕೊನೆಗೆ ನೀರಾಗುತ್ತದೆ. ಹಾಗಾಗಿ ನೋಟ್ಸಿನಲ್ಲಿ 'ಒಂದು ಇನ್ನೊಂದರ ಹಿಮ್ಮುಖ ಕ್ರಿಯೆ' ಎಂದು ಬರೆಯದಿರುವುದೇ ಒಳ್ಳೆಯದು. ಹೋಗುವ ಬರುವ ಪದಾರ್ಥಗಳ ಪಟ್ಟಿ ಅದಲುಬದಲಾಗಿದೆ ನಿಜ. ಆದರೆ ನಡುವಿನ ಹಂತಗಳು, ನಡೆಯುವ ಜಾಗ, ಕೆಲಸ ಮಾಡುವ ಕಿಣ್ವಗಳು ಬೇರೆಬೇರೆ.

ಚಿತ್ರಕ್ಕೆ ಬರೋಣ. ಎಲೆಯೂ ಬೇಡ, ಶ್ವಾಸಕೋಶವೂ ಬೇಡ. ಒಂದೇ ಒಂದು ಹಸಿರು ಸಸ್ಯಕೋಶ ಬಿಡಿಸು, ಅದರೊಳಗೆ ಕ್ಲೋರೋಪ್ಲಾಸ್ಟ್ ಒಂದು, ಮೈಟೋಕಾಂಡ್ರಿಯ ಒಂದು. ಎರಡೂ ಒಂದೇ ಮನೆಯೊಳಗಿವೆ ಎಂದು ತೋರಿಸಿದ ಕೂಡಲೇ 'ಸಸ್ಯ / ಪ್ರಾಣಿ' ಎಂಬ ತಪ್ಪು ನಿನ್ನ ನೋಟ್ಸಿನಲ್ಲಿ ಇರಲಾರದು.

ನೋಟ್‌ಬುಕ್ಕಿನ ಗೆರೆಯಿಲ್ಲದ ಪುಟ ತೆಗೆದುಕೊ. ಎಚ್‌ಬಿ ಪೆನ್ಸಿಲ್ ಚೆನ್ನಾಗಿ ಚೂಪು ಮಾಡು. ನಡುವಿನಲ್ಲಿ ಸುಮಾರು 10 ಸೆಂಟಿಮೀಟರ್ ಅಗಲ, 7 ಸೆಂಟಿಮೀಟರ್ ಎತ್ತರದ ಆಯತ ಹಾಕು, ಮೂಲೆಗಳು ಸ್ವಲ್ಪ ದುಂಡಗಿರಲಿ. ಅದರ ಒಳಗೆ ಹತ್ತಿರದಲ್ಲೇ ಇನ್ನೊಂದು ಗೆರೆ. ಹೊರಗಿನದು ಕೋಶಭಿತ್ತಿ, ಒಳಗಿನದು ಕೋಶಪೊರೆ. ಎಡಗಡೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಮೊಟ್ಟೆಯಾಕಾರ, ಅದಕ್ಕೂ ಎರಡು ಗೆರೆ. ಇದು ಕ್ಲೋರೋಪ್ಲಾಸ್ಟ್. ಒಳಗೆ ನಾಣ್ಯ ಜೋಡಿಸಿಟ್ಟ ಹಾಗೆ ಮೂರು ಕಡೆ ನಾಲ್ಕೈದು ಚಪ್ಪಟೆ ತಟ್ಟೆಗಳನ್ನು ಒಂದರ ಮೇಲೊಂದು ಹಾಕು. ಬಲಗಡೆ ಎರಡು ಸೆಂಟಿಮೀಟರಿನಷ್ಟು ಉದ್ದದ ಸಣ್ಣ ಮೈಟೋಕಾಂಡ್ರಿಯ. ಅದರ ಹೊರಗೆರೆ ನಯವಾಗಿರಲಿ, ಒಳಗೆರೆ ಮಡಿಕೆ ಮಡಿಕೆಯಾಗಿರಲಿ. ಮೈಟೋಕಾಂಡ್ರಿಯವನ್ನು ದೊಡ್ಡದು ಮಾಡಬೇಡ. ಎಲೆಯ ಜೀವಕೋಶದಲ್ಲಿ ಸಾಮಾನ್ಯವಾಗಿ ಕ್ಲೋರೋಪ್ಲಾಸ್ಟೇ ದೊಡ್ಡದು. ಕೋಶಕೇಂದ್ರವನ್ನು ಒಂದು ಮೂಲೆಯಲ್ಲಿ ಸಣ್ಣದಾಗಿ ಹಾಕಿದರೆ ಸಾಕು.

ಇನ್ನು ಬಾಣಗಳು. ಚಿತ್ರದ ಜೀವ ಇರುವುದು ಇವುಗಳಲ್ಲೇ. ಕ್ಲೋರೋಪ್ಲಾಸ್ಟಿನಿಂದ ಮೈಟೋಕಾಂಡ್ರಿಯಕ್ಕೆ ಮೇಲ್ಗಡೆಯಿಂದ ಒಂದು ಬಾಣ, ಅದರ ಮೇಲೆ 'ಆಕ್ಸಿಜನ್'. ಅದರ ಕೆಳಗೆ ಇನ್ನೊಂದು ಬಾಣ, 'ಗ್ಲೂಕೋಸ್' ಎಂದು. ಆದರೆ ಗ್ಲೂಕೋಸಿನ ಬಾಣವನ್ನು ನೇರವಾಗಿ ಮೈಟೋಕಾಂಡ್ರಿಯದೊಳಗೆ ನುಗ್ಗಿಸಬೇಡ. ಎರಡರ ನಡುವಿನ ಕೋಶದ್ರವ್ಯದಲ್ಲಿ ನಿಲ್ಲಿಸಿ 'ಪೈರುವೇಟ್' ಎಂದು ಬರೆ, ಅಲ್ಲಿಂದ ಮತ್ತೊಂದು ಸಣ್ಣ ಬಾಣ ಮೈಟೋಕಾಂಡ್ರಿಯದೊಳಗೆ ಹೋಗಲಿ. ಆರು ಕಾರ್ಬನ್ನಿನ ಗ್ಲೂಕೋಸ್ ಕೋಶದ್ರವ್ಯದಲ್ಲೇ ಮೂರು ಕಾರ್ಬನ್ನಿನ ಪೈರುವೇಟ್ ಎರಡಾಗಿ ಒಡೆಯುತ್ತದೆ, ಆ ಹಂತಕ್ಕೆ ಆಕ್ಸಿಜನ್ ಬೇಕಿಲ್ಲ. ಮೈಟೋಕಾಂಡ್ರಿಯಕ್ಕೆ ಹೋಗುವುದು ಪೈರುವೇಟ್. ಕೋಷ್ಟಕದಲ್ಲಿ ಬಲಗಡೆ ಎರಡು ಹೆಸರು ಬಂದದ್ದು ಇದಕ್ಕೇ. ಮೈಟೋಕಾಂಡ್ರಿಯದಿಂದ ಕ್ಲೋರೋಪ್ಲಾಸ್ಟಿಗೆ ಕೆಳಗಡೆಯಿಂದ ಹಿಂದಿರುಗುವ ಬಾಣದ ಮೇಲೆ 'ಕಾರ್ಬನ್ ಡೈಆಕ್ಸೈಡ್, ನೀರು' ಎಂದು ಬರೆ. ಹಗಲಿನಲ್ಲಿ ಇದಷ್ಟೇ ಸಾಲುವುದಿಲ್ಲ, ಹೊರಗಿನಿಂದಲೂ ಕಾರ್ಬನ್ ಡೈಆಕ್ಸೈಡ್ ಬರಬೇಕು. ಹಾಗಾಗಿ ಕೋಶದ ಹೊರಗಿನಿಂದ ಕ್ಲೋರೋಪ್ಲಾಸ್ಟಿಗೆ ಒಂದು ಬಾಣ, ಕ್ಲೋರೋಪ್ಲಾಸ್ಟಿನಿಂದ ಹೊರಗೆ ಹೆಚ್ಚುವರಿ ಆಕ್ಸಿಜನ್ನಿನ ಒಂದು ಬಾಣ ಹಾಕು.

ಶಕ್ತಿಯ ಬಾಣಗಳನ್ನು ಬೇರೆ ರೀತಿಯಲ್ಲಿ, ಅಲೆಯಲೆಯಾಗಿ ಎಳೆ. ಎಡದ ಹೊರಗಿನಿಂದ ಕ್ಲೋರೋಪ್ಲಾಸ್ಟಿಗೆ 'ಬೆಳಕು'. ಮೈಟೋಕಾಂಡ್ರಿಯದಿಂದ ಬಲಕ್ಕೆ ಎರಡು ಅಲೆಬಾಣ. 'ಎಟಿಪಿ' ಬಾಣ ಕೋಶದೊಳಗೇ ನಿಲ್ಲಲಿ, ಯಾಕೆಂದರೆ ಅದು ಅಲ್ಲೇ ಬಳಕೆಯಾಗುತ್ತದೆ. 'ಶಾಖ' ಬಾಣ ಕೋಶದ ಹೊರಗೆ ಹೋಗಲಿ. ಅವುಗಳಲ್ಲಿ ಯಾವುದನ್ನೂ ಕ್ಲೋರೋಪ್ಲಾಸ್ಟಿಗೆ ಹಿಂದಕ್ಕೆ ತಿರುಗಿಸಬೇಡ. ಕಾರ್ಬನ್ ಡೈಆಕ್ಸೈಡ್, ನೀರು, ಆಕ್ಸಿಜನ್ ಸುತ್ತು ಹೊಡೆಯುತ್ತವೆ, ಶಕ್ತಿ ಮಾತ್ರ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಉಸಿರಾಟದಲ್ಲಿ ಹೊರಬಂದ ಶಾಖದಿಂದ ಕ್ಲೋರೋಪ್ಲಾಸ್ಟ್ ಸಕ್ಕರೆ ತಯಾರಿಸಲಾರದು, ಅದಕ್ಕೆ ಬೆಳಕೇ ಬೇಕು. ಇಡೀ ಚಿತ್ರವನ್ನು ಒಂದು ಸುಂದರ ವೃತ್ತವಾಗಿ ಮಾಡುವ ಆಸೆಯಲ್ಲಿ ಈ ಬಾಣವನ್ನೂ ಸುತ್ತಿಸಿಬಿಡುವವರು ಬಹಳ.

ಭಾಗಗಳನ್ನು ಗುರುತಿಸುವ ಗೆರೆಗಳನ್ನು ಸ್ಕೇಲಿನಿಂದಲೇ ಎಳೆ, ಆದಷ್ಟೂ ಬಲಕ್ಕೆ, ಅಡ್ಡವಾಗಿ, ಒಂದನ್ನೊಂದು ದಾಟದ ಹಾಗೆ. ಗೆರೆಯ ತುದಿ ಆ ಭಾಗವನ್ನು ಮುಟ್ಟಬೇಕು. ಗೆರೆಗೆ ಬಾಣದ ತಲೆ ಹಾಕಬೇಡ, ಈ ಚಿತ್ರದಲ್ಲಿ ಬಾಣ ಎಂದರೆ ಏನೋ ಹರಿಯುತ್ತಿದೆ ಎಂದೇ ಅರ್ಥ. ಪೆನ್ಸಿಲ್ ಉಜ್ಜಿ ನೆರಳು ಕೊಡುವುದೂ ಬೇಡ. ಚಿತ್ರದ ಕೆಳಗೆ 'ಹಗಲಿನಲ್ಲಿ ಒಂದು ಹಸಿರು ಸಸ್ಯಕೋಶ' ಎಂದು ಹೆಸರು ಬರೆ. ಇದೇ ಕೋಶವನ್ನು ರಾತ್ರಿಗೆ ಬಿಡಿಸು ಎಂದು ಮಿಸ್ ಕೇಳಿದರೆ ಹೊಸ ಚಿತ್ರ ಬೇಕಿಲ್ಲ. ಬೆಳಕಿನ ಬಾಣ, ಕ್ಲೋರೋಪ್ಲಾಸ್ಟಿಗೆ ಹೋಗುವ ಬಾಣಗಳು, ಅದರಿಂದ ಹೊರಡುವ ಆಕ್ಸಿಜನ್ನಿನ ಎರಡು ಬಾಣಗಳು, ಎಲ್ಲವನ್ನೂ ಅಳಿಸು. ಆಕ್ಸಿಜನ್ ಈಗ ಹೊರಗಿನಿಂದ ಮೈಟೋಕಾಂಡ್ರಿಯಕ್ಕೆ ಬರಲಿ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಲಿ. ಗ್ಲೂಕೋಸಿನ ಬಾಣವನ್ನು ಹಾಗೇ ಬಿಟ್ಟು, ಅದು ಹೊರಡುವ ಜಾಗದಲ್ಲಿ 'ಹಗಲು ಕೂಡಿಟ್ಟ ಪಿಷ್ಟ' ಎಂದು ಬರೆ.